ಲಾಕ್ ಆದ ಖಾತೆ: ಮೇಲ್‌ನಲ್ಲಿ ಏನು ಬರೆಯಬೇಕು?

"ಲಾಗಿನ್ ಆಗುತ್ತಿಲ್ಲ, ಬೇಗ ಸರಿಮಾಡಿ" ಎಂದಷ್ಟೇ ಬರೆದರೆ ಕಚೇರಿಯ ಐಟಿ ವಿಭಾಗದವರು ಮರುಪ್ರಶ್ನೆ ಕೇಳಲೇಬೇಕಾಗುತ್ತದೆ. ಹೀಗೆ ಬರೆಯಿರಿ: "ನನ್ನ ಯೂಸರ್‌ನೇಮ್ ಇದು. ಇಂದು ಬೆಳಿಗ್ಗೆ 9:40ಕ್ಕೆ ಖಾತೆ ಲಾಕ್ ಆಯಿತು. ಪರದೆಯಲ್ಲಿ ಕಂಡ ಸಂದೇಶದ ಚಿತ್ರ ಲಗತ್ತಿಸಿದ್ದೇನೆ. ನಿನ್ನೆ ಸಂಜೆ ಪಾಸ್‌ವರ್ಡ್ ಬದಲಿಸಿದ್ದೆ. ಇದೇ ಖಾತೆ ನನ್ನ ಮೊಬೈಲ್‌ನಲ್ಲೂ ಇದೆ."

ಸಮಯ ಗೊತ್ತಿದ್ದರೆ ಅವರು ಸರ್ವರ್‌ನ ಲಾಗ್‌ನಲ್ಲಿ ಆ ಹೊತ್ತಿನ ದಾಖಲೆ ತೆರೆದು, ತಪ್ಪು ಪಾಸ್‌ವರ್ಡ್ ಯಾವ ಸಾಧನದಿಂದ ಬಂತೆಂದು ಹುಡುಕಬಹುದು. ಕೊನೆಯ ಎರಡು ವಾಕ್ಯಗಳು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತವೆ. ಮೊಬೈಲ್ ತನ್ನಷ್ಟಕ್ಕೆ ಹಳೆಯ ಪಾಸ್‌ವರ್ಡನ್ನೇ ಕಳಿಸುತ್ತಿದ್ದರೆ, ಲಾಕ್ ತೆಗೆದ ಸ್ವಲ್ಪ ಹೊತ್ತಿಗೇ ಖಾತೆ ಮತ್ತೆ ಲಾಕ್ ಆಗಬಹುದು. ಅಲ್ಲೂ ಹೊಸ ಪಾಸ್‌ವರ್ಡ್ ಹಾಕಬೇಕು.

ಪಾಸ್‌ವರ್ಡನ್ನಾಗಲಿ ಒಟಿಪಿಯನ್ನಾಗಲಿ ಮೇಲ್‌ನಲ್ಲಿ ಬರೆಯಲೇಬೇಡಿ. ನೋಂದಾಯಿತ ಫೋನ್ ಸಂಖ್ಯೆ ಬದಲಾಗಿದ್ದರೆ ಮಾತ್ರ ಮೊದಲೇ ತಿಳಿಸಿ. ಗುರುತು ಖಚಿತಪಡಿಸುವ ಕೆಲಸ ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ.