ಶೀರ್ಷಿಕೆ ದಾನಿಯದು, ಜಡ್ಡಿ ನಮ್ಮದು: ಅನುದಾನದ ಪ್ರಸ್ತಾವನೆ ಕುರಿತು ಕೆಲವು ತಪ್ಪು ಕಲ್ಪನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಾಡು, ನೀರು, ಸೊಪ್ಪಿನಬೆಟ್ಟ ಎಂದು ದುಡಿಯುವ ಸಣ್ಣ ಸಂಸ್ಥೆಗಳಿಗೆ ವಿಷಯದ ಬಡತನವಿಲ್ಲ. ಯಾವ ಹಳ್ಳ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ಮರ ಎಲ್ಲಿ ಉಳಿದಿದೆ ಎಂಬುದು ಅವರಿಗೆ ಬಾಯಿಪಾಠ. ಆದರೂ ಅವರ ಪ್ರಸ್ತಾವನೆಗಳು ಮೊದಲ ಸುತ್ತಿನಲ್ಲೇ ಹಿಂದಕ್ಕೆ ಬರುವುದುಂಟು. ಇಂಗ್ಲಿಷ್ ಚೆನ್ನಾಗಿಲ್ಲದ್ದೇ ಕಾರಣ ಎಂದು ಹಲವರು ನಂಬಿದ್ದಾರೆ. ಬಹಳಷ್ಟು ಸಲ ಕಾರಣ ಬೇರೆ: ದಾನಿ ಕೇಳಿದ ಶೀರ್ಷಿಕೆಯ ಕೆಳಗೆ ಬೇರೊಂದು ಪ್ರಶ್ನೆಗೆ ಉತ್ತರ ಬರೆದಿರುತ್ತದೆ.

ಉದಾಹರಣೆಗೆ ಜಡ್ಡಿಯನ್ನೇ ತೆಗೆದುಕೊಳ್ಳೋಣ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ರಾಂಪತ್ರೆ ಜಾತಿಯ ಮರಗಳು ನಿಂತ ನೀರಿನ ಕೆಸರಲ್ಲಿ ಬೆಳೆಯುತ್ತವೆ. ಕೆಲವು ಮರಗಳ ಬೇರು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗೆ ಹೋಗುತ್ತದೆ. ಇಂಥ ಜಡ್ಡಿಗಳಲ್ಲಿ ಹೆಚ್ಚಿನವು ಹಿಂದೆಯೇ ಗದ್ದೆ, ಅಡಿಕೆ ತೋಟಗಳಾಗಿವೆ. ಉಳಿದವು ತುಂಡು ತುಂಡು. ಗೇರಿನ ಕುಟುಂಬದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2000ದಲ್ಲಿ, ಅದೂ ಈ ಕಾನಿನಿಂದ. ಪಶ್ಚಿಮಘಟ್ಟದಲ್ಲಿ 2008ರಿಂದ 2015ರವರೆಗೆ ಕ್ರಿಟಿಕಲ್ ಇಕೋಸಿಸ್ಟಮ್ ಪಾರ್ಟ್‌ನರ್‌ಶಿಪ್ ಫಂಡ್, ಅಂದರೆ ಸಿಇಪಿಎಫ್, ಬೆಂಗಳೂರಿನ ಏಟ್ರೀ ಸಂಸ್ಥೆಯ ಮೂಲಕ ಅನುದಾನ ನೀಡಿತು. ಹೊನ್ನಾವರದ ಸ್ನೇಹಕುಂಜ ಜಡ್ಡಿಗಳ ರಕ್ಷಣೆಗೆ ಈ ನಿಧಿಯ ನೆರವು ಪಡೆದಿತ್ತು. ಮುಂದೆ ನಾನು ಬಿಡಿಸಿ ನೋಡುವ ಪ್ರಸ್ತಾವನೆ ಮಾತ್ರ ಯಾವುದೇ ಸಂಸ್ಥೆಯದಲ್ಲ, ವಿವರಿಸಲೆಂದು ಕಲ್ಪಿಸಿಕೊಂಡದ್ದು.

ತಪ್ಪು ಕಲ್ಪನೆ: ಪ್ರಸ್ತಾವನೆ ಒಂದು ಸಿದ್ಧವಿದ್ದರೆ ಸಾಕು, ಶೀರ್ಷಿಕೆ ಬದಲಿಸಿ ಎಲ್ಲರಿಗೂ ಕಳಿಸಬಹುದು

ಒಂದೇ ಜಡ್ಡಿಯ ಹಿನ್ನೆಲೆಯನ್ನು ಇಬ್ಬರು ದಾನಿಗಳು ಹೇಗೆ ಕೇಳುತ್ತಾರೆ ನೋಡಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸಂಶೋಧನಾ ನಮೂನೆಯಲ್ಲಿ ಹಿನ್ನೆಲೆ ಎರಡು ಹೋಳಾಗುತ್ತದೆ. ಒಂದು, ಈ ಯೋಜನೆಯ ಯೋಚನೆ ಹುಟ್ಟಿದ್ದು ಹೇಗೆ. ಇನ್ನೊಂದು, ಈ ವಿಷಯದಲ್ಲಿ ದೇಶ-ವಿದೇಶಗಳಲ್ಲಿ ಇದುವರೆಗೆ ಏನು ಸಂಶೋಧನೆಯಾಗಿದೆ. ಅಲ್ಲಿ ‘ಯಾರಿಗೂ ಇನ್ನೂ ತಿಳಿಯದ್ದು ಏನು’ ಎಂಬುದಕ್ಕೆ ಉತ್ತರ ಬೇಕು. ಸಿಇಪಿಎಫ್‌ನಂಥ ಸಂರಕ್ಷಣಾ ನಿಧಿ ಕೇಳುವುದು ಅಪಾಯ ಯಾವುದು, ನೀವು ಮಾಡುವುದರಿಂದ ಅದು ಹೇಗೆ ತಗ್ಗುತ್ತದೆ ಎಂದು. ಜೊತೆಗೆ, ನಿಧಿ ಮೊದಲೇ ಪ್ರಕಟಿಸಿದ ಕಾರ್ಯತಂತ್ರದ ಯಾವ ಅಂಶಕ್ಕೆ ನಿಮ್ಮ ಕೆಲಸ ಹೊಂದುತ್ತದೆ ಎಂದು ಬೇರೆಯೇ ಕೇಳುತ್ತದೆ. ಪಶ್ಚಿಮಘಟ್ಟದ ಕಾರ್ಯತಂತ್ರದಲ್ಲಿ ಸಮುದಾಯಗಳ ಜೊತೆ ಮುಖ್ಯ ತಾಣಗಳನ್ನು ಉಳಿಸುವುದು ಒಂದು ದಿಕ್ಕಾಗಿತ್ತು, ಅಳಿವಿನಂಚಿನ ಪ್ರಭೇದಗಳ ರಕ್ಷಣೆ ಇನ್ನೊಂದು. ನಮ್ಮ ಜಡ್ಡಿ ಎರಡಕ್ಕೂ ಹೊಂದುತ್ತದೆ ನಿಜ. ಆದರೆ ಮೊದಲನೆಯದಕ್ಕೆ ಬರೆದರೆ ಊರಿನವರ ಪಾತ್ರ ಮುಂದೆ ಬರಬೇಕು, ಎರಡನೆಯದಕ್ಕೆ ಬರೆದರೆ ಮರಗಳ ಎಣಿಕೆ ಮುಂದೆ ಬರಬೇಕು. ಶೀರ್ಷಿಕೆ ಬದಲಾದಾಗ ಯಾವ ಸಂಗತಿಗೆ ಎಷ್ಟು ತೂಕ ಎಂಬುದೂ ಬದಲಾಗುತ್ತದೆ.

ತಪ್ಪು ಕಲ್ಪನೆ: ಹಿನ್ನೆಲೆ, ಉದ್ದೇಶ, ಕಾರ್ಯಯೋಜನೆ ಮೂರೂ ಬೇರೆ ಬೇರೆ ಭಾಗಗಳು

ನನ್ನ ಪ್ರಕಾರ ಹೆಚ್ಚು ಹಾನಿ ಮಾಡುವುದು ಈ ನಂಬಿಕೆ. ಒಬ್ಬರು ಹಿನ್ನೆಲೆ ಬರೆಯುತ್ತಾರೆ, ಇನ್ನೊಬ್ಬರು ಉದ್ದೇಶ, ಲೆಕ್ಕ ಬಲ್ಲವರು ಕೊನೆಯ ರಾತ್ರಿ ಕಾರ್ಯಯೋಜನೆಯ ಪಟ್ಟಿ ಹಾಕುತ್ತಾರೆ. ನಮ್ಮ ಕಲ್ಪಿತ ಸಂಸ್ಥೆ ಬರೆದುಕೊಂಡ ಕರಡು ಇದು:

“ನಮ್ಮ ಜಡ್ಡಿಯಿಂದ ಹಿಂದೆ ಏಪ್ರಿಲ್‌ನಲ್ಲೂ ನೀರು ಹರಿಯುತ್ತಿತ್ತು. ಈಗ ಮಾರ್ಚ್‌ನಲ್ಲೇ ಕೆಳಗಿನ ತೋಟಗಳಿಗೆ ನೀರು ಸಾಲದು. ಅಂಚಿನಲ್ಲಿ ದನ ಮೇಯುವುದರಿಂದ ಎಳೆ ಸಸಿ ಮೇಲೇಳುತ್ತಿಲ್ಲ. ನಾವು ಒಂದು ಎಕರೆ ಅಂಚಿನಲ್ಲಿ 2,000 ಸಸಿ ನೆಡುತ್ತೇವೆ. ಶಾಲಾ ಮಕ್ಕಳಿಗೆ ಜಾಗೃತಿ ಶಿಬಿರ ನಡೆಸುತ್ತೇವೆ. ಇದರಿಂದ ಜೀವವೈವಿಧ್ಯ ಉಳಿಯುತ್ತದೆ.”

ಓದಲು ತೊಂದರೆಯಿಲ್ಲ. ಈಗ ಒಂದೊಂದೇ ವಾಕ್ಯವನ್ನು ಎತ್ತಿ ಅದರ ಶೀರ್ಷಿಕೆಯ ಕೆಳಗಿಡೋಣ. ಮೊದಲ ಮೂರು ಹಿನ್ನೆಲೆಗೆ ಹೋದವು. ನಾಲ್ಕು, ಐದನೆಯವು ಕಾರ್ಯಯೋಜನೆಗೆ. ಉದ್ದೇಶಕ್ಕೆ ಉಳಿದದ್ದು ‘ಜೀವವೈವಿಧ್ಯ ಉಳಿಯುತ್ತದೆ’ ಎಂಬ ಒಂದು ವಾಕ್ಯ. ಅದು ಈಡೇರಿತೋ ಇಲ್ಲವೋ ಎಂದು ಯಾರೂ ಅಳೆಯಲಾರರು. ಅಂದರೆ ಈ ಪ್ರಸ್ತಾವನೆಗೆ ಉದ್ದೇಶವೇ ಇಲ್ಲ.

ಇಷ್ಟು ಹರಡಿಟ್ಟ ಮೇಲೆ ಮತ್ತೊಂದು ಬಿರುಕು ಕಾಣುತ್ತದೆ. ಸಸಿ ಏಳದಿರಲು ಕಾರಣ ದನ ಎಂದು ಹಿನ್ನೆಲೆ ಹೇಳುತ್ತದೆ. ಕಾರ್ಯಯೋಜನೆಯಲ್ಲಿ ಬೇಲಿಯೂ ಇಲ್ಲ, ದನ ಬಿಡುವವರ ಜೊತೆ ಮಾತುಕತೆಯೂ ಇಲ್ಲ. ತಾನಾಗಿ ಹುಟ್ಟಿದ ಸಸಿಯನ್ನು ತಿಂದ ದನ ನೆಟ್ಟ ಸಸಿಯನ್ನು ಬಿಟ್ಟೀತೇ? ಓದಿದ ಪರಿಶೀಲಕರು ಮೊದಲು ಕೇಳುವುದು ಇದನ್ನೇ. ಜಾಗೃತಿ ಶಿಬಿರಕ್ಕೂ ಹಿನ್ನೆಲೆಯಲ್ಲಿ ಬೇರಿಲ್ಲ. ಮಕ್ಕಳಿಗೆ ತಿಳಿಯದ್ದರಿಂದ ಜಡ್ಡಿ ಹಾಳಾಯಿತು ಎಂದು ಎಲ್ಲೂ ಹೇಳಿಲ್ಲ. ಅದನ್ನು ಬಿಡಬೇಕು, ಇಲ್ಲವೇ ದನ ಮೇಯಿಸುವ ಮನೆಗಳ ಸಭೆಯಾಗಿ ಬದಲಿಸಬೇಕು.

ನೀರಿನ ವಿಷಯ ಸೂಕ್ಷ್ಮ. ಊರಿನವರಿಗೆ ಜಡ್ಡಿ ಬೇಕಿರುವುದೇ ನೀರಿಗಾಗಿ, ಹಾಗಾಗಿ ‘ಬೇಸಿಗೆಯ ಹರಿವು ಹೆಚ್ಚಿಸುವುದು’ ಎಂದು ಉದ್ದೇಶದಲ್ಲಿ ಬರೆಯಲು ಕೈ ತುರಿಸುತ್ತದೆ. ಮೂರು ವರ್ಷದ ಯೋಜನೆಯಲ್ಲಿ ನೆಟ್ಟ ಸಸಿಗಳಿಂದ ಹಳ್ಳದ ನೀರು ಹೆಚ್ಚಾಗದು, ಹೆಚ್ಚಾದರೂ ಮಳೆಯ ಏರಿಳಿತದ ನಡುವೆ ಅದು ಸಸಿಯಿಂದಲೇ ಎಂದು ತೋರಿಸಲಾಗದು. ಆದ್ದರಿಂದ ನೀರು ಹಿನ್ನೆಲೆಯಲ್ಲಿರಲಿ, ಊರು ಈ ಕೆಲಸಕ್ಕೆ ಏಕೆ ಕೈಜೋಡಿಸುತ್ತದೆ ಎಂಬುದಕ್ಕೆ ಕಾರಣವಾಗಿ. ಉದ್ದೇಶದಲ್ಲಿ ಬೇಕಿದ್ದರೆ ‘ಹರಿವನ್ನು ಪ್ರತಿ ಬೇಸಿಗೆ ಅಳೆದು ದಾಖಲಿಸುವುದು’ ಎಂದಿರಲಿ. ಸಣ್ಣ ಹಳ್ಳಕ್ಕೆ ದೊಡ್ಡ ಸಲಕರಣೆ ಬೇಡ: ನೀರನ್ನೆಲ್ಲ ಒಂದು ಪೈಪಿಗೆ ತಿರುಗಿಸಿ, ಅಳತೆ ಗೊತ್ತಿರುವ ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಟ್ಟರೆ ಆಯಿತು. ಮೊದಲ ಬೇಸಿಗೆಯ ಅಳತೆಯಿಲ್ಲದೆ ಮೂರನೆಯದರ ಅಳತೆಗೆ ಅರ್ಥವಿಲ್ಲ. ಹಾಗಾಗಿ ಅದು ಕಾರ್ಯಯೋಜನೆಯ ಮೊದಲ ಸಾಲುಗಳಲ್ಲೇ ಬರಬೇಕು.

ಈ ಎಳೆ ಹಿಡಿದು ಉದ್ದೇಶ ಹೀಗಾಗುತ್ತದೆ: ‘ಮೂರನೇ ವರ್ಷದ ಕೊನೆಗೆ, ಜಡ್ಡಿಯ ಅಂಚಿನ ಒಂದು ಎಕರೆಯಲ್ಲಿ ನೆಟ್ಟ ಸಸಿಗಳಲ್ಲಿ ಕನಿಷ್ಠ ಅರ್ಧದಷ್ಟು ಎರಡು ಬೇಸಿಗೆ ದಾಟಿ ಬದುಕಿರಬೇಕು.’ ಅಳೆಯಬಹುದು. ಆದರೆ ಇದೂ ಇನ್ನೂ ಸರಿಯಿಲ್ಲ ಎಂದು ತೋರಿಸಿಕೊಡುವುದು ಕಾರ್ಯಯೋಜನೆ.

ತಪ್ಪು ಕಲ್ಪನೆ: ಕಾರ್ಯಯೋಜನೆ ಎಂದರೆ ತಿಂಗಳುಗಳ ಚೌಕ ತುಂಬುವುದು

ಹಣ ಅಕ್ಟೋಬರ್‌ನಲ್ಲಿ ಕೈಸೇರಿತು ಎಂದಿಟ್ಟುಕೊಳ್ಳಿ. ರಾಂಪತ್ರೆ ಜಾತಿಯ ಬೀಜ ಒಣಗಿದರೆ ಸತ್ತಂತೆ. ಭತ್ತದ ಬೀಜದಂತೆ ಚೀಲದಲ್ಲಿ ಕಟ್ಟಿಡಲು ಬರುವುದಿಲ್ಲ. ಬಿದ್ದ ಹಣ್ಣನ್ನು ಆರಿಸಿ ಕೆಲವೇ ದಿನಗಳಲ್ಲಿ ಹಾಕಬೇಕು. ಹಣ್ಣು ಸಿಗುವುದು ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಸುಮಾರು ಒಂಬತ್ತನೇ ತಿಂಗಳಿಗೆ. ನೆರಳಿನ ನರ್ಸರಿಯಲ್ಲಿ ಒಂದು ವರ್ಷ ಬೆಳೆದ ಸಸಿಯನ್ನು ನೆಡುವುದು ಅದರ ಮುಂದಿನ ಜೂನ್‌ನಲ್ಲಿ; ಅದು 21ನೇ ತಿಂಗಳು. ಆ ಸಸಿ ಕಾಣುವ ಮೊದಲ ಬೇಸಿಗೆ 30ರಿಂದ 32ನೇ ತಿಂಗಳು. ಯೋಜನೆ 36ಕ್ಕೆ ಮುಗಿಯುತ್ತದೆ. ‘ಎರಡು ಬೇಸಿಗೆ’ ಎಲ್ಲಿಂದ ಬಂತು?

ಈಗ ದಾರಿ ಮೂರು. ಉದ್ದೇಶವನ್ನು ಒಂದು ಬೇಸಿಗೆಗೆ ಇಳಿಸಬಹುದು. ದಾನಿ ಒಪ್ಪುವುದಾದರೆ ನಾಲ್ಕು ವರ್ಷ ಕೇಳಬಹುದು. ಇಲ್ಲವೇ ಮೊದಲ ಮಳೆಗಾಲಕ್ಕೇ ಬೇರೆ ನರ್ಸರಿಯಿಂದ ಸಸಿ ತಂದು ನೆಡಬಹುದು. ಆಗ ಸಸಿ ಯಾವ ಜಡ್ಡಿಯ ಬೀಜದ್ದು ಎಂಬ ಪ್ರಶ್ನೆಗೆ ಹಿನ್ನೆಲೆಯಲ್ಲಿ ಉತ್ತರ ಸೇರಿಸಬೇಕು. ನಾನಾದರೆ ಒಂದು ಬೇಸಿಗೆಗೆ ಇಳಿಸುತ್ತೇನೆ. ಕಡಿಮೆ ಹೇಳಿ ನಡೆಸಿಕೊಟ್ಟ ಸಂಸ್ಥೆಗೆ ಎರಡನೇ ಸಲ ಹಣ ಕೇಳುವ ಮುಖ ಉಳಿಯುತ್ತದೆ.

ಸಂಖ್ಯೆಯೂ ಹೊಂದಬೇಕು. ಮೂರು ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಹಿಡಿಯುವುದು ಸುಮಾರು 450 ಸಸಿ. 2,000 ಎಂದು ಬರೆದವರು ಒಂದೋ ನಾಲ್ಕೂವರೆ ಎಕರೆ ತೋರಿಸಬೇಕು, ಇಲ್ಲವೇ ಸಂಖ್ಯೆ ಇಳಿಸಬೇಕು. ಸತ್ತದ್ದರ ಬದಲಿಗೆ ಇರಲಿ ಎಂದು ನರ್ಸರಿಯಲ್ಲಿ 600 ಬೆಳೆಸುವುದು ಸರಿಯಾದ ಲೆಕ್ಕ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿಗೂ ಒಂದು ಸಾಲು ಬೇಕು, ಅದು ನೆಡುವ ಸಾಲಿಗಿಂತ ಎಷ್ಟೋ ಮುಂಚೆ ಬರಬೇಕು. ಅನುಮತಿಯ ಸಾಲೇ ಇಲ್ಲದ ಕಾರ್ಯಯೋಜನೆ ಕಂಡರೆ, ಬರೆದವರು ಕಾಡಿನಲ್ಲಿ ಕೆಲಸ ಮಾಡಿದವರಲ್ಲ ಎಂದು ಓದುವವರು ತೀರ್ಮಾನಿಸುತ್ತಾರೆ.

ಎಲ್ಲ ಹೊಂದಿದೆಯೇ ಎಂದು ನೋಡಲು ಒಂದು ಸುಲಭ ಉಪಾಯವಿದೆ. ಉದ್ದೇಶಗಳಿಗೆ 1, 2 ಎಂದು ಸಂಖ್ಯೆ ಕೊಡಿ. ಕಾರ್ಯಯೋಜನೆಯ ಪ್ರತಿ ಸಾಲಿನ ಪಕ್ಕ ಅದು ಯಾವ ಉದ್ದೇಶದ್ದೋ ಆ ಸಂಖ್ಯೆ ಬರೆಯಿರಿ. ಹಿನ್ನೆಲೆಯಲ್ಲಿ ಆ ಉದ್ದೇಶಕ್ಕೆ ಕಾರಣವಾದ ವಾಕ್ಯದ ಪಕ್ಕದಲ್ಲೂ ಅದೇ ಸಂಖ್ಯೆ. ಸಂಖ್ಯೆ ಸಿಗದ ಸಾಲು ಹೋಗಬೇಕು. ಹಿನ್ನೆಲೆಯಲ್ಲಿ ವಾಕ್ಯವಿಲ್ಲದ ಉದ್ದೇಶಕ್ಕೆ ವಾಕ್ಯ ಬರೆಯಬೇಕು, ಅಥವಾ ಆ ಉದ್ದೇಶವನ್ನೇ ಕೈಬಿಡಬೇಕು.

ತಪ್ಪು ಕಲ್ಪನೆ: ಹಿಂದೆ ಅನುದಾನ ಪಡೆದವರ ಪ್ರತಿ ಸಿಕ್ಕಿದರೆ ಅದರಂತೆಯೇ ಬರೆಯಬಹುದು

ಭಾಷೆ, ಜೋಡಣೆ ಕಲಿಯಲು ಹಳೆಯ ಪ್ರತಿ ಒಳ್ಳೆಯದು. ಕಾರ್ಯಯೋಜನೆಯನ್ನು ಮಾತ್ರ ಅದರಿಂದ ಎತ್ತಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ತಿದ್ದುಪಡಿಯಾಯಿತು. ಅಂದಿನಿಂದ ವಿದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20 ಮೀರುವಂತಿಲ್ಲ, ಮೊದಲು ಮಿತಿ ಶೇಕಡಾ 50 ಇತ್ತು. ಅದಕ್ಕಿಂತ ಹಿಂದಿನ ಪ್ರಸ್ತಾವನೆಗಳಲ್ಲಿ ಶಿರಸಿಯ ಒಂದು ಟ್ರಸ್ಟ್ ಹಣ ಪಡೆದು ಹಳ್ಳಿಯ ಸಮಿತಿಗಳಿಗೆ ಹಂಚುವ ಸಾಲುಗಳಿರಬಹುದು. ಇಂದು ವಿದೇಶಿ ನಿಧಿಗೆ ಅದೇ ಸಾಲು ಬರೆದರೆ ಕಾನೂನು ಮುರಿಯುವ ಯೋಜನೆಯನ್ನು ನೀವೇ ಬರೆದುಕೊಟ್ಟಂತೆ.

ನಮ್ಮ ಜಡ್ಡಿಯ ಯೋಜನೆಯಲ್ಲಿ ಅಂಥ ಸಾಲಿದ್ದರೆ ಹೀಗೆ ತಿದ್ದಬಹುದು. ನರ್ಸರಿಯ ಕೂಲಿ, ಬೇಲಿಯ ಸಾಮಾನು, ಕಾವಲಿನ ಸಂಬಳ ಎಲ್ಲವನ್ನೂ ಅನುದಾನ ಪಡೆದ ಸಂಸ್ಥೆಯೇ ಕೆಲಸಗಾರರಿಗೆ, ಅಂಗಡಿಗೆ ನೇರ ಕೊಡುತ್ತದೆ. ಗ್ರಾಮ ಅರಣ್ಯ ಸಮಿತಿ ಕಾರ್ಯಯೋಜನೆಯಲ್ಲಿ ಉಳಿಯುತ್ತದೆ, ಹಣವಿಲ್ಲದ ಸಾಲುಗಳಲ್ಲಿ: ಯಾವ ತಿಂಗಳು ಯಾವ ಅಂಚಿಗೆ ದನ ಬಿಡಬಾರದು ಎಂಬ ತೀರ್ಮಾನ, ಹಣ್ಣು ಬೀಳುವ ಮರಗಳ ಗುರುತು, ಪ್ರತಿ ಮಾರ್ಚ್‌ನಲ್ಲಿ ಬಕೆಟ್ ಹಿಡಿದು ಹರಿವಿನ ಅಳತೆ.