ಅರ್ಜಿಯ ಇಮೇಲ್: ಸೆಂಡ್ ಒತ್ತುವ ಮುನ್ನ

ಕೆಲಸಕ್ಕೆ ಅರ್ಜಿ ಹಾಕುವಾಗ ಹೆಚ್ಚಿನವರು ಹಿಂದೆ ಕಳಿಸಿದ ಇಮೇಲನ್ನೇ ತಿದ್ದಿ ಇನ್ನೊಂದು ಕಂಪನಿಗೆ ಕಳಿಸುತ್ತಾರೆ. ಹಾಗೆ ಮಾಡುವುದು ತಪ್ಪಲ್ಲ. ಆದರೆ ದೋಷಗಳು ನುಸುಳುವುದು ಆ ತಿದ್ದುವಿಕೆಯಲ್ಲೇ. ಅವನ್ನು ಹಿಡಿಯುವ ಬಗ್ಗೆ ಇರುವ ನಾಲ್ಕು ನಂಬಿಕೆಗಳನ್ನು ಇಲ್ಲಿ ಪರೀಕ್ಷಿಸೋಣ.

ತಪ್ಪು ಕಲ್ಪನೆ: ಕೆಂಪು ಗೆರೆ ಕಾಣದಿದ್ದರೆ ಎಲ್ಲವೂ ಸರಿ.

ಸತ್ಯ: ಸ್ಪೆಲ್ ಚೆಕ್ ಮುಖ್ಯವಾಗಿ ನೋಡುವುದು ಅಂಥ ಪದವೊಂದು ಇದೆಯೇ ಎಂದು. Manager ಬರೆಯುವಾಗ ನಡುವಿನ a ಬಿಟ್ಟುಹೋದರೆ Manger ಆಗುತ್ತದೆ. ಅದೂ ಇಂಗ್ಲಿಷ್ ಪದವೇ, ಅರ್ಥ ಮಾತ್ರ ದನದ ಗೋದಲಿ. ಇನ್ನು ಫೋನ್ ನಂಬರಿನ ಒಂದು ಅಂಕಿ ತಪ್ಪಿದರೆ ಯಾವ ಗೆರೆಯೂ ಬರುವುದಿಲ್ಲ. ರೆಸ್ಯೂಮೆಯಲ್ಲಿರುವ ನಂಬರನ್ನು ನೋಡಿಕೊಂಡೇ ಮನೆಯವರ ಫೋನಿನಿಂದ ಡಯಲ್ ಮಾಡಿ. ನಿಮ್ಮ ಫೋನ್ ರಿಂಗಾದರೆ ಸರಿ.

ತಪ್ಪು ಕಲ್ಪನೆ: ಮೇಲಿಂದ ಕೆಳಗೆ ಎರಡು ಸಲ ಓದಿದರೆ ಸಾಕು.

ಸತ್ಯ: ನಾವೇ ಬರೆದದ್ದನ್ನು ಓದುವಾಗ ಕಣ್ಣು ಅಕ್ಷರ ನೋಡುವುದಕ್ಕಿಂತ ಮನಸ್ಸು ನೆನಪಿನಿಂದ ತುಂಬಿಕೊಳ್ಳುವುದೇ ಹೆಚ್ಚು. ಹುಬ್ಬಳ್ಳಿಯ ಕಂಪನಿಗೆ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆಂದು ಬರೆದದ್ದನ್ನು ಈಗ ಮೈಸೂರಿನ ಕಂಪನಿಗೆ ಕಳಿಸುತ್ತಿದ್ದೀರಿ ಎಂದುಕೊಳ್ಳಿ. ಹಳೆಯ ಹೆಸರು ವಿಷಯದ ಸಾಲು, ಸಂಬೋಧನೆ, ಕೊನೆಯ ಪ್ಯಾರಾ, ಜೊತೆಗಿರುವ ಕವರ್ ಲೆಟರ್, ಹೀಗೆ ನಾಲ್ಕು ಕಡೆ ಇರಬಹುದು. ಮೊದಲ ಎರಡನ್ನು ಬೆರಳಿಟ್ಟು ಓದಿ. ಇಮೇಲಿನ ಒಡಲಲ್ಲೂ ಕವರ್ ಲೆಟರಿನಲ್ಲೂ Ctrl+F ಒತ್ತಿ ಹಳೆಯ ಕಂಪನಿಯ ಹೆಸರನ್ನು, ಆಮೇಲೆ ಊರಿನ ಹೆಸರನ್ನು, ಹಳೆಯ ಹುದ್ದೆಯ ಹೆಸರನ್ನು ಹುಡುಕಿ. ಹೊಸ ಹೆಸರು ಇದೆಯೇ ಎನ್ನುವುದಕ್ಕಿಂತ ಹಳೆಯದು ಎಲ್ಲಿ ಉಳಿದಿದೆ ಎಂದು ಹುಡುಕಿದರೆ ತಪ್ಪು ಬೇಗ ಸಿಗುತ್ತದೆ.

ತಪ್ಪು ಕಲ್ಪನೆ: ಫೈಲ್ ಮರೆತರೆ ಜಿಮೇಲ್ ಎಚ್ಚರಿಸುತ್ತದೆ.

ಸತ್ಯ: ಇಮೇಲಿನಲ್ಲಿ attached ಎಂಬಂಥ ಪದವಿದ್ದು ಫೈಲ್ ಇಲ್ಲದಿದ್ದರೆ ಅದು ಕೇಳಬಹುದು. ಆದರೆ ಹೋದ ವರ್ಷದ ರೆಸ್ಯೂಮೆ ಸೇರಿಸಿದ್ದರೆ ಸುಮ್ಮನಿರುತ್ತದೆ. ಕಂಪ್ಯೂಟರಿನ ಫೋಲ್ಡರಿನಲ್ಲಿರುವ ಪ್ರತಿಯನ್ನಲ್ಲ, ಡ್ರಾಫ್ಟಿಗೆ ಸೇರಿಸಿದ ಫೈಲನ್ನೇ ಕ್ಲಿಕ್ ಮಾಡಿ ಕೊನೆಯ ಪುಟದವರೆಗೂ ನೋಡಿ. Resume_final2.pdf ಎಂಬಂಥ ಹೆಸರನ್ನು ತೆಗೆದು, ನಿಮ್ಮ ಹೆಸರು ಮತ್ತು ಹುದ್ದೆ ಇರುವಂತೆ ಬದಲಿಸಿ.

ತಪ್ಪು ಕಲ್ಪನೆ: ತಪ್ಪಾದರೆ ವಾಪಸ್ ಪಡೆಯಬಹುದು.

ಸತ್ಯ: ಜಿಮೇಲಿನ Undo ಇಮೇಲನ್ನು ಕಳಿಸದೆ ಸ್ವಲ್ಪ ಹೊತ್ತು ತಡೆದಿಡುತ್ತದೆ, ಅಷ್ಟೇ. ಸಾಮಾನ್ಯವಾಗಿ ಅದು 5 ಸೆಕೆಂಡ್. ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೂ 30 ಸೆಕೆಂಡ್ ದಾಟುವುದಿಲ್ಲ. ಆದ್ದರಿಂದ To ಜಾಗವನ್ನು ಖಾಲಿ ಬಿಟ್ಟೇ ಕೆಲಸ ಶುರುಮಾಡಿ. ವಿಳಾಸವಿಲ್ಲದ ಇಮೇಲ್ ಕೈತಪ್ಪಿ ಹೋಗಲಾರದು.

ಕೊನೆಯ ಪಟ್ಟಿ, ಇದೇ ಕ್ರಮದಲ್ಲಿ:

1. ಹಳೆಯ ಹೆಸರುಗಳ ಹುಡುಕಾಟ
2. ವಿಷಯದ ಸಾಲು, ಸಂಬೋಧನೆ
3. ಫೋನ್ ನಂಬರ್
4. ಸೇರಿಸಿದ ಫೈಲನ್ನು ತೆರೆದು ನೋಡುವುದು
5. ಜಾಹೀರಾತಿನಿಂದ ಕಾಪಿ ಮಾಡಿದ ವಿಳಾಸವನ್ನು To ಜಾಗದಲ್ಲಿ ತುಂಬುವುದು