ಯಾರ ಮುಖ ನೋಡಿ ಕಲಿತದ್ದು?

ಕೆ.ಆರ್. ನಗರದಲ್ಲಿ ನಾನು ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸುವುದು ಒಂದೇ ಸ್ಟುಡಿಯೊದಲ್ಲಿ. ಫೋಟೊ ಹಾಕಿಕೊಡುವ ಪುಟ್ಟ ಕವರಿನ ಮೇಲೆ ಒಂದು ನಂಬರು ಬರೆದಿರುತ್ತಾರೆ. ಮತ್ತೆ ಕಾಪಿ ಬೇಕಾದಾಗ ಅದನ್ನು ಹೇಳಿದರೆ ಸಾಕು. ಈ ಸಲ ಕವರು ಕಳೆದುಹೋಗಿತ್ತು. "ಹೆಸರು ಹೇಳಿ ಸಾರ್, ಹುಡುಕ್ತೀನಿ" ಎಂದವರು ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದರು. ಕಪ್ಪು ಮೀಸೆಯ ನಾನು, ಮೀಸೆ ಬೋಳಿಸಿದ ನಾನು, ಕನ್ನಡಕ ಬಂದ ಮೇಲಿನ ನಾನು, ಎಲ್ಲರೂ ಸಾಲಾಗಿ ಕುಳಿತಿದ್ದರು. ಮೇಲೆ ಕೆಳಗೆ ಊರಿನವರ ಫೋಲ್ಡರುಗಳು, ಒಂದೊಂದಕ್ಕೂ ಹೆಸರಿನ ಚೀಟಿ.

ಮುಖ ಗುರುತಿಸುವ ಯಂತ್ರಕ್ಕೆ ಪಾಠ ಹೇಳಲು ಬೇಕಾದದ್ದು ಇಷ್ಟೇ. ಒಬ್ಬರದೇ ಹಲವು ಫೋಟೊ, ಬೇರೆ ಬೇರೆ ವಯಸ್ಸಿನದು, ಬೇರೆ ಬೇರೆ ಬೆಳಕಿನದು. ಎಲ್ಲಕ್ಕೂ ಒಂದೇ ಹೆಸರು. ಯಂತ್ರ ಪ್ರತಿ ಮುಖವನ್ನೂ ಕೆಲವು ನೂರು ಅಂಕಿಗಳ ಸಾಲನ್ನಾಗಿ ಮಾಡಿಕೊಳ್ಳುತ್ತದೆ. ಮೀಸೆಯ ನನ್ನ ಅಂಕಿಗಳೂ ಕನ್ನಡಕದ ನನ್ನ ಅಂಕಿಗಳೂ ಹತ್ತಿರ ಬರಬೇಕು, ಪಕ್ಕದ ಫೋಲ್ಡರಿನವರದು ದೂರ ಸರಿಯಬೇಕು. ಹಾಗೆ ಆಗುವವರೆಗೆ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತಲೇ ಇರುತ್ತದೆ. ಈ ತಿದ್ದಾಟಕ್ಕೆ ಸಾವಿರಗಟ್ಟಲೆ ಜನರ ಲಕ್ಷಗಟ್ಟಲೆ ಫೋಟೊ ಬೇಕು. ಊರೂರಿನ ಸ್ಟುಡಿಯೊ ಬಾಗಿಲು ತಟ್ಟಿ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಹೆಸರಿನ ಚೀಟಿ ಅಂಟಿಕೊಂಡೇ ಬರುವ ಫೋಟೊಗಳು ಪುಕ್ಕಟೆ ಎಲ್ಲಿ ಸಿಗುತ್ತವೋ ಅಲ್ಲಿಂದ ಎತ್ತಿಕೊಂಡರು.

ಮೊದಲು ಸಿಕ್ಕಿದ್ದು ಸುದ್ದಿಚಿತ್ರಗಳು. ಪತ್ರಿಕೆಯ ಫೋಟೊ ಕೆಳಗೆ ಹೆಸರು ಇದ್ದೇ ಇರುತ್ತದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ 2007ರಲ್ಲಿ ಹೊರತಂದ 'ಲೇಬಲ್ಡ್ ಫೇಸಸ್ ಇನ್ ದಿ ವೈಲ್ಡ್' ಎಂಬ ಸಂಗ್ರಹ ಹುಟ್ಟಿದ್ದು ಯಾಹೂ ಸುದ್ದಿಯ ಚಿತ್ರಗಳಿಂದ. ಅದರಲ್ಲಿರುವುದು 5,749 ಜನರ 13,233 ಫೋಟೊ. ಎರಡು ಅಥವಾ ಹೆಚ್ಚು ಫೋಟೊ ಇರುವವರು 1,680 ಜನ ಮಾತ್ರ. ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಒಬ್ಬರದೇ 530. ಬಹುಪಾಲು ಗಂಡಸರು, ಬಹುಪಾಲು ಬಿಳಿಯರು. ಅಂಥವರನ್ನೇ ಆರಿಸಬೇಕೆಂದು ಯಾರೂ ಕೂತು ತೀರ್ಮಾನಿಸಲಿಲ್ಲ, ಆಗ ಸುದ್ದಿಯಲ್ಲಿದ್ದವರು ಅವರು, ಅಷ್ಟೆ. ಇದೇ ಕ್ರಮದಲ್ಲಿ ಹುಣಸೂರು ತಾಲ್ಲೂಕಿನ ಹಳೆಯ ಸುದ್ದಿಚಿತ್ರಗಳನ್ನು ಜಾಲಿಸಿದರೆ ಕಲ್ಲಹಳ್ಳಿಯ ದೇವರಾಜ ಅರಸರ ಮುಖ ರಾಶಿ ರಾಶಿ ಸಿಕ್ಕೀತು. ಅದೇ ಫೋಟೊದಲ್ಲಿ ಅವರ ಹಿಂದೆ ನಿಂತ ಹೆಂಗಸಿಗೆ ಹೆಸರಿನ ಚೀಟಿ ಇರುವುದಿಲ್ಲ. ಚೀಟಿ ಇಲ್ಲದ ಮುಖ ಇಂಥ ಸಂಗ್ರಹಕ್ಕೆ ಕೆಲಸಕ್ಕೆ ಬಾರದು.

ಭಾರತದ ಮುಖಗಳಿಲ್ಲ ಎಂಬ ಕೊರತೆ ನಮ್ಮವರಿಗೂ ಕಂಡಿತು. ಅದಕ್ಕೆ 2013ರಲ್ಲಿ ಸಿಕ್ಕ ಉತ್ತರದಲ್ಲಿ ಕನ್ನಡದ ಪಾಲೂ ಇದೆ. ಹೈದರಾಬಾದಿನ ಐಐಐಟಿಯವರ ಜೊತೆ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನವರೂ ಸೇರಿ 'ಇಂಡಿಯನ್ ಮೂವಿ ಫೇಸ್ ಡೇಟಾಬೇಸ್' ಕಟ್ಟಿದರು. ಕನ್ನಡವೂ ಸೇರಿ ಹಲವು ಭಾಷೆಗಳ ನೂರಕ್ಕೂ ಹೆಚ್ಚು ವಿಡಿಯೊಗಳಿಂದ 100 ನಟನಟಿಯರ 34,512 ಚಿತ್ರಗಳನ್ನು ತೆಗೆದರು. ಸಿನಿಮಾ ಓಡಿಸಿ, ಬೇಕಾದ ಕಡೆ ನಿಲ್ಲಿಸಿ, ಮುಖದ ಸುತ್ತ ಚೌಕ ಹಾಕಿ ಕತ್ತರಿಸಿ, ವಯಸ್ಸು, ಮುಖ ತಿರುಗಿದ ದಿಕ್ಕು, ನಗುವೋ ಕೋಪವೋ, ಕನ್ನಡಕವೋ ಗಡ್ಡವೋ ಎಂದು ಒಂದೊಂದಕ್ಕೂ ಬರೆದದ್ದು. ಕೈಯಲ್ಲೇ ಮಾಡಿದ ಈ ಕೆಲಸದ ತಾಳ್ಮೆಗೆ ನನಗೆ ನಿಜವಾಗಿಯೂ ಗೌರವವಿದೆ. ಒಬ್ಬ ನಟನ ಕನಿಷ್ಠ ಇನ್ನೂರು ಮುಖ, ನಾನಾ ಬೆಳಕಿನಲ್ಲಿ, ನಾನಾ ವೇಷದಲ್ಲಿ ಸಿಗುವ ಜಾಗ ಸಿನಿಮಾ ಬಿಟ್ಟು ಇನ್ನೆಲ್ಲಿದೆ?

ಆದರೂ ಅದು ಸಿನಿಮಾ. ನೂರರಲ್ಲಿ 67 ಗಂಡಸರು, 33 ಹೆಂಗಸರು. ಎಲ್ಲರ ಮುಖದ ಮೇಲೂ ಮೇಕಪ್ಪು, ಎದುರಿಗೆ ಲೈಟು. ಎಚ್.ಡಿ. ಕೋಟೆಯ ಹಾಡಿಯೊಂದರಿಂದ ಅಲ್ಲಿಗೆ ಯಾರು ಹೋಗಿಯಾರು? ಇನ್ನು ಒಪ್ಪಿಗೆಯ ಮಾತು. ನಟ ಸಹಿ ಹಾಕಿದ್ದು ಪಾತ್ರಕ್ಕೆ, ನಿರ್ಮಾಪಕನ ಕರಾರಿಗೆ. ತನ್ನ ಮುಖ ಮುಂದೊಂದು ದಿನ ಯಂತ್ರದ ಪಠ್ಯಪುಸ್ತಕ ಆಗಲಿ ಎಂದಲ್ಲ. ನಟರು ಹೇಗೂ ಸಾರ್ವಜನಿಕ ವ್ಯಕ್ತಿಗಳು ಎಂದು ಈ ಪ್ರಶ್ನೆಯನ್ನು ಆಗ ತಳ್ಳಿಹಾಕುವುದು ಸುಲಭವಿತ್ತು. ಅದೇ ಸಮಜಾಯಿಷಿ ಹಿಗ್ಗಿದ್ದನ್ನು ಮೈಕ್ರೋಸಾಫ್ಟ್‌ನ ಎಂಎಸ್-ಸೆಲೆಬ್-1ಎಂನಲ್ಲಿ ನೋಡಬಹುದು. 2016ರಲ್ಲಿ ಬಂದ ಅದರಲ್ಲಿ ಸುಮಾರು ಒಂದು ಲಕ್ಷ 'ಗಣ್ಯರ' ಒಂದು ಕೋಟಿ ಚಿತ್ರಗಳಿದ್ದವು. ಹುಡುಕಿ ನೋಡಿದರೆ ಪತ್ರಕರ್ತರು, ಲೇಖಕರು, ಹೋರಾಟಗಾರರೂ ಅದರಲ್ಲಿ ಗಣ್ಯರಾಗಿದ್ದರು. 2019ರಲ್ಲಿ ಕಂಪನಿ ಅದನ್ನು ಸದ್ದಿಲ್ಲದೆ ಹಿಂತೆಗೆಯಿತು. ಅಷ್ಟರಲ್ಲಿ ಇಳಿಸಿಕೊಂಡವರ ಬಳಿ ಪ್ರತಿಗಳು ಉಳಿದೇ ಉಳಿದವು.

ಸಂಗ್ರಹದಲ್ಲಿ ಯಾರಿಲ್ಲವೋ ಅವರಿಗೆ ಆಗುವುದೇನು? ಕಡಿಮೆ ನೋಡಿದ ಬಗೆಯ ಮುಖಗಳನ್ನು ದೂರ ದೂರ ಇಡಲು ಯಂತ್ರ ಕಲಿತಿರುವುದಿಲ್ಲ. ಅವರ ಅಂಕಿಗಳೆಲ್ಲ ಒಂದೇ ಮೂಲೆಯಲ್ಲಿ ಒತ್ತೊತ್ತಾಗಿ ಬೀಳುತ್ತವೆ. ಹಾಗಾಗಿ ಒಬ್ಬರನ್ನು ಇನ್ನೊಬ್ಬರೆಂದು ಹೇಳುವ ತಪ್ಪು ಹೆಚ್ಚುತ್ತದೆ. ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆ ಎನ್‌ಐಎಸ್‌ಟಿ 2019ರ ಡಿಸೆಂಬರ್‌ನಲ್ಲಿ 189 ತಂತ್ರಾಂಶಗಳನ್ನು ಒರೆಗೆ ಹಚ್ಚಿ ನೋಡಿದ ವರದಿ ಕೊಟ್ಟಿತು. ಈ ತಪ್ಪು ಪೂರ್ವ ಯುರೋಪಿನವರಲ್ಲಿ ಅತಿ ಕಡಿಮೆ, ಆಫ್ರಿಕಾ ಮತ್ತು ಪೂರ್ವ ಏಷ್ಯಾದವರಲ್ಲಿ ಅತಿ ಹೆಚ್ಚು. ಎಷ್ಟೋ ತಂತ್ರಾಂಶಗಳಲ್ಲಿ ಅಂತರ ಹತ್ತು ಪಟ್ಟಿನಿಂದ ನೂರು ಪಟ್ಟು. ಚೀನಾದಲ್ಲಿ ತಯಾರಾದ ಕೆಲವು ತಂತ್ರಾಂಶಗಳು ಮಾತ್ರ ಪೂರ್ವ ಏಷ್ಯಾದ ಮುಖಗಳಲ್ಲಿ ಎಡವಲಿಲ್ಲ. ಯಾವ ಮುಖ ನೋಡಿ ಕಲಿತಿತೋ ಅದರಲ್ಲಿ ಜಾಣ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಡ.

ಹತ್ತು ಪಟ್ಟು ಎಂದರೆ ಏನೆಂದು ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಹತ್ತು ಸಾವಿರ ಹೋಲಿಕೆಗೆ ಒಂದು ತಪ್ಪು ಮಾಡುವಂತೆ ಯಂತ್ರವನ್ನು ಹೊಂದಿಸಿದ್ದಾರೆ ಎನ್ನಿ. ಒಬ್ಬರ ಮುಖವನ್ನು ಸಾವಿರ ಮುಖಗಳ ಪಟ್ಟಿಯಲ್ಲಿ ಹುಡುಕಿದರೆ, ಹತ್ತು ಹುಡುಕಾಟದಲ್ಲಿ ಸುಮಾರು ಒಂದು ಸಲ ಯಾರೋ ಅಮಾಯಕರು ಸಿಕ್ಕಿಬೀಳುತ್ತಾರೆ. ತಪ್ಪು ಹತ್ತು ಪಟ್ಟು ಹೆಚ್ಚಿರುವ ಗುಂಪಿನಲ್ಲಾದರೆ ಹತ್ತರಲ್ಲಿ ಆರು ಸಲ ಹಾಗಾಗುತ್ತದೆ. ಇಡೀ ದೇಶದ ಸರಾಸರಿ ಹೇಳಿದರೆ ಇದು ಕಾಣುವುದೇ ಇಲ್ಲ; ಗುಂಪು ಗುಂಪಾಗಿ ಬೇರೆ ಮಾಡಿ ಎಣಿಸಬೇಕು. ಹಾಗೆ ಎಣಿಸಿದ ಎನ್‌ಐಎಸ್‌ಟಿಗೂ ಒಂದು ಮಿತಿ ಇತ್ತು. ಹೊರದೇಶದವರ ಮುಖಗಳು ಅದಕ್ಕೆ ಸಿಕ್ಕಿದ್ದು ವಲಸೆಯ ಅರ್ಜಿಗಳಿಂದ, ಗಡಿ ದಾಟುವಾಗ ತೆಗೆದ ಫೋಟೊಗಳಿಂದ. ಅಮೆರಿಕಕ್ಕೆ ಅರ್ಜಿ ಹಾಕಿದ ಜೇನುಕುರುಬರು ಎಷ್ಟು ಮಂದಿ ಇದ್ದಾರು?

ಆದರೆ ಮುಖ ತೋರಿಸಬೇಕಾದ ಸಂದರ್ಭ ಮಾತ್ರ ಹಾಡಿಗೂ ಬಂದಾಯಿತು. 2025ರ ಜುಲೈ 1ರಿಂದ ಅಂಗನವಾಡಿಯಲ್ಲಿ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಗರ್ಭಿಣಿ, ಬಾಣಂತಿ, ತಾಯಂದಿರ ಮುಖ ಹೊಂದಬೇಕು ಎಂದು ದೇಶಾದ್ಯಂತ ಕಡ್ಡಾಯವಾಗಿದೆ. ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಯಂತ್ರ ಪಾಠ ಕಲಿಯುವ ಫೋಟೊ ರಾಶಿ ಬೇರೆ, ಹೋಲಿಸಿ ನೋಡಲು ಇಟ್ಟುಕೊಂಡ ನೋಂದಣಿ ಫೋಟೊ ಬೇರೆ. ಅಂಗನವಾಡಿ ಟೀಚರ್ ತೆಗೆಯುವುದು ಎರಡನೆಯದು. ಹೋಲಿಕೆ ತಪ್ಪಿದ ಕೂಡಲೇ ಪಾಠದ ಪಕ್ಷಪಾತ ಎಂದು ಹಾರಾಡುವುದೂ ಸರಿಯಲ್ಲ. ಹಗಲಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತವರ ಮುಖ ಮೊಬೈಲಿನಲ್ಲಿ ಮಸಿ ಬಳಿದಂತೆ ಬರುತ್ತದೆ; ಕ್ಯಾಮೆರಾ ಹಿಂದಿನ ಬೆಳಕಿಗೆ ಹೊಂದಿಕೊಂಡಿರುತ್ತದೆ, ಮೈಬಣ್ಣ ಕಪ್ಪಾದಷ್ಟೂ ಕಷ್ಟ ಜಾಸ್ತಿ. ಅವರನ್ನು ತಿರುಗಿಸಿ ಬೆಳಕಿಗೆ ಮುಖ ಮಾಡಿ ನಿಲ್ಲಿಸಿದ ಮೇಲೆ ಹೊಂದಿತು ಎಂದರೆ ತಪ್ಪು ಫೋಟೊದ್ದು. ಒಳ್ಳೆಯ ಬೆಳಕಿನಲ್ಲೂ ಅಕ್ಕನ ಮುಖ ತಂಗಿಯ ಹೆಸರಿಗೆ ಮತ್ತೆ ಮತ್ತೆ ಹೊಂದಿದರೆ ಆಗ ಪಾಠದ ಮೇಲೆ ಅನುಮಾನ ಪಡಬಹುದು.

ಹಾಗಾದರೆ ಹಾಡಿಯ ಮುಖಗಳನ್ನೂ ಪಾಠದ ರಾಶಿಗೆ ಸೇರಿಸಿಬಿಟ್ಟರೆ ಆಯಿತಲ್ಲ? ತಂಟೆ ಇರುವುದು ಅಲ್ಲೇ. ಪಕ್ಷಪಾತ ತಿದ್ದಲು ಮುಖ ಬೇಕು; ಬೇಕಾದ ಮುಖಗಳು 'ಕೊಡುವುದಿಲ್ಲ' ಎನ್ನಲು ಬಲ ಇಲ್ಲದವರವು. ಐಬಿಎಂ 2019ರ ಜನವರಿಯಲ್ಲಿ ವೈವಿಧ್ಯ ಹೆಚ್ಚಿಸುವ ಸದುದ್ದೇಶದಿಂದಲೇ ಹತ್ತು ಲಕ್ಷ ಮುಖಗಳ ಸಂಗ್ರಹ ಬಿಡುಗಡೆ ಮಾಡಿತು. ಆ ಫೋಟೊಗಳು ಫ್ಲಿಕರ್‌ನಿಂದ ಬಂದವು. ಹಾಕಿದವರನ್ನೂ ಕೇಳಿರಲಿಲ್ಲ, ಫೋಟೊದಲ್ಲಿದ್ದವರನ್ನೂ ಕೇಳಿರಲಿಲ್ಲ. ಅದೇ ವರ್ಷ ಗೂಗಲ್‌ನ ಗುತ್ತಿಗೆದಾರರು ಕಪ್ಪು ಮೈಬಣ್ಣದವರ ಮುಖ ಬೇಕೆಂದು ಅಟ್ಲಾಂಟಾದ ಬೀದಿಬದಿಯ ನಿರಾಶ್ರಿತರಿಗೆ ಐದು ಡಾಲರಿನ ಕೂಪನ್ ಕೊಟ್ಟು ಫೋನು ಹಿಡಿದದ್ದು ಸುದ್ದಿಯಾಗಿ, ಕಂಪನಿ ಆ ಕೆಲಸ ನಿಲ್ಲಿಸಿತು.

ಕೇಳಿ, ದುಡ್ಡು ಕೊಟ್ಟು ಮಾಡಿದ ಸಂಗ್ರಹವೂ ಇದೆ. ಮೆಟಾ ಕಂಪನಿ 2023ರಲ್ಲಿ ಹೊರತಂದ 'ಕ್ಯಾಶುಯಲ್ ಕಾನ್ವರ್ಸೇಷನ್ಸ್' ಎರಡನೇ ಆವೃತ್ತಿಯಲ್ಲಿ ಭಾರತವೂ ಸೇರಿ ಏಳು ದೇಶಗಳ 5,567 ಜನ ಕ್ಯಾಮೆರಾ ಮುಂದೆ ಮಾತಾಡಿದ್ದಾರೆ. ವಯಸ್ಸು, ಲಿಂಗವನ್ನು ಅವರೇ ಹೇಳಿದ್ದು, ಪಕ್ಕದವರು ಊಹಿಸಿದ್ದಲ್ಲ. ಒಂದು ಕೋಟಿ ಚಿತ್ರಗಳ ಪಕ್ಕಕ್ಕಿಟ್ಟರೆ ಇದು ಬೊಗಸೆಯಷ್ಟು. ಯಂತ್ರ ಕಲಿತದ್ದು ಸರಿಯೇ ಎಂದು ಪರೀಕ್ಷಿಸಲು ಸಾಕು, ಕಲಿಸಲು ಸಾಲದು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೊಕದ್ದಮೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಅದರ ಬೆನ್ನಿಗೆ ಬಂದ 2023ರ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ, ಹದಿನೆಂಟು ತುಂಬದವರಾದರೆ ತಂದೆತಾಯಿಯ ಒಪ್ಪಿಗೆ. ಆದರೆ ನಾವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಕಾಯ್ದೆ ಅನ್ವಯವಾಗುವುದಿಲ್ಲ. ಪಿರಿಯಾಪಟ್ಟಣದ ಹುಡುಗಿಯೊಬ್ಬಳು ಎಲ್ಲರಿಗೂ ಕಾಣುವಂತೆ ಹಾಕಿಕೊಂಡ ಅವಳದೇ ಫೋಟೊ ಈ ಕಿಂಡಿಯಲ್ಲಿ ಹೊರಗೆ ಹೋಗುತ್ತದೆ. ಸರ್ಕಾರ ಸವಲತ್ತು ಕೊಡುವಾಗ ಕೆಲವು ಷರತ್ತಿನ ಮೇಲೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು. ಅಂಗನವಾಡಿಯ ಆಹಾರದ ಪೊಟ್ಟಣ ಬೇಕಾದರೆ ಮುಖ ತೋರಿಸು ಎಂದಾಗ 'ಒಪ್ಪಿಗೆ' ಎಂಬ ಪದಕ್ಕೆ ಹೇಗೂ ಹೆಚ್ಚು ಅರ್ಥ ಉಳಿಯುತ್ತಿರಲಿಲ್ಲ ಬಿಡಿ.

ಇದನ್ನೆಲ್ಲ ಓದಿಕೊಂಡವನು ಸ್ಟುಡಿಯೊಗೆ ಹೋಗಿ ನನ್ನ ಫೋಲ್ಡರ್ ಅಳಿಸಿಬಿಡಿ ಎಂದೆ. "ಕಾಪಿ ಬೇಡ್ವಾ ಸಾರ್?" ಎಂದು ಎರಡು ಸಲ ಕೇಳಿ ಅಳಿಸಿದರು. ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಕೂಗಿದರು: ಮನೆಯಲ್ಲಿ ಇನ್ನೊಂದು ಹಾರ್ಡ್‌ಡಿಸ್ಕ್ ಇದೆ, ಭಾನುವಾರ ನೋಡುತ್ತೇನೆ, ನಿಮ್ಮ ಮಗಳ ಮದುವೆ ಆಲ್ಬಂ ಪ್ರಿಂಟಿಗೆ ಮೈಸೂರಿನ ಲ್ಯಾಬಿಗೆ ಕಳಿಸಿದ್ದೆವಲ್ಲ, ಅಲ್ಲಿಯದು ಮಾತ್ರ ನನ್ನ ಕೈಯಲ್ಲಿಲ್ಲ.